ಇವಳ ಮಾವ, ನನ್ನ ಮಾವ

ಕಾಂದಿವಲಿ ಪೂರ್ವದಲ್ಲಿ, ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಿಂದ ಸ್ವಲ್ಪ ಒಳಗೆ, ಠಾಕೂರ್ ಪಾಲಿಟೆಕ್ನಿಕ್‌ನ ಹಿಂಭಾಗದಲ್ಲಿ ಐಬಿಪಿಎಸ್ ಕಚೇರಿ ಇದೆ. ದೇಶದ ಸರ್ಕಾರಿ ಬ್ಯಾಂಕುಗಳಿಗೆ ಕ್ಲರ್ಕ್ ಮತ್ತು ಆಫೀಸರ್ ಹುದ್ದೆಗಳ ಪರೀಕ್ಷೆ ನಡೆಸುವ ಸಂಸ್ಥೆ ಇದೇ. ಮುಂಬಯಿಯ ಕನ್ನಡಿಗರಿಗೂ ಬ್ಯಾಂಕಿಗೂ ಇರುವ ನಂಟು ನಿಮಗೆ ಗೊತ್ತೇ ಇದೆ. ಕೆನರಾ, ಸಿಂಡಿಕೇಟ್, ವಿಜಯಾ, ಕಾರ್ಪೊರೇಷನ್ ಎಂದು ಅಪ್ಪಂದಿರು ದುಡಿದ ಮನೆಗಳಲ್ಲಿ ಮಕ್ಕಳು ಇಂದಿಗೂ ಈ ಪರೀಕ್ಷೆಗೆ ಓದುತ್ತಾರೆ. ಲೋಕಲ್ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ಮೊಬೈಲಿನಲ್ಲೇ ಒಂದು ಸೆಟ್ ಮುಗಿಸುತ್ತಾರೆ.

ಆ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಬರುವ ಒಂದು ಬಗೆಯ ಪ್ರಶ್ನೆ ರಕ್ತಸಂಬಂಧದ್ದು. ನಾಲ್ಕೈದು ಸಾಲಿನ ವಿವರಣೆ ಕೊಟ್ಟು, ಇವರು ಅವರಿಗೆ ಏನಾಗಬೇಕು ಎಂದು ಕೇಳುತ್ತಾರೆ. ನೋಡಲು ಸುಲಭ. ಗಣಿತ ಬೇಡ, ಸೂತ್ರ ಬೇಡ, ಚಿಕ್ಕಂದಿನಿಂದ ಬಾಯಲ್ಲಿರುವ ಪದಗಳೇ ಸಾಕು. ಆದರೂ ಚೆನ್ನಾಗಿ ಓದುವವರೇ ಇಲ್ಲಿ ಎಡವುತ್ತಾರೆ. ಕ್ಲರ್ಕ್ ಪ್ರಿಲಿಮ್ಸ್‌ನ ರೀಸನಿಂಗ್ ಭಾಗದಲ್ಲಿ 35 ಪ್ರಶ್ನೆ, 20 ನಿಮಿಷ; ಅಂದರೆ ಪ್ರಶ್ನೆಯೊಂದಕ್ಕೆ ಸುಮಾರು 34 ಸೆಕೆಂಡು. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಒಂದೇ ಕುಟುಂಬದ ಮೇಲೆ ಮೂರು ಪ್ರಶ್ನೆ ಬಂದು ವಂಶವೃಕ್ಷವೇ ತಪ್ಪಾದರೆ ಸಿಗಬೇಕಿದ್ದ 3 ಅಂಕ ಹೋಗುತ್ತದೆ, ಮೇಲೆ ಮುಕ್ಕಾಲು ಅಂಕದ ದಂಡ.

ಕೆಲವು ವರ್ಷಗಳಿಂದ ನಮ್ಮ ಸೊಸೈಟಿಯ ನಾಲ್ಕೈದು ಮಕ್ಕಳು ಭಾನುವಾರ ಬೆಳಿಗ್ಗೆ ನನ್ನ ಬಳಿ ರೀಸನಿಂಗ್ ಕೇಳಿಕೊಳ್ಳಲು ಬರುತ್ತಾರೆ. ಅವರು ಗೀಚಿದ ಹಾಳೆಗಳನ್ನು ನೋಡಿ ನೋಡಿ ನನಗೆ ಒಂದು ವಿಷಯ ಸ್ಪಷ್ಟವಾಗಿದೆ. ಉತ್ತರ ತಪ್ಪುವುದು ಎಣಿಕೆಯಲ್ಲಲ್ಲ, ಗೆರೆಯಲ್ಲಿ. ಪ್ರಶ್ನೆ ಹೇಳದೇ ಇರುವ ಒಂದು ಗೆರೆಯನ್ನು ಕೈ ತಾನಾಗಿ ಎಳೆದುಬಿಟ್ಟಿರುತ್ತದೆ. ಆ ಗೆರೆ ಎಲ್ಲಿಂದ ಬಂತು ಎಂದು ಹುಡುಕಿದರೆ, ಅನೇಕ ಸಲ ಅದು ನಮ್ಮ ಮನೆಮಾತಿನಿಂದಲೇ ಬಂದಿರುತ್ತದೆ.

ಮೊದಲು ಚಿತ್ರ ಬರೆಯುವ ಕ್ರಮ ನೋಡೋಣ. ಕೋಚಿಂಗ್ ಕ್ಲಾಸುಗಳಲ್ಲಿ ಗಂಡಿಗೆ ಪ್ಲಸ್, ಹೆಣ್ಣಿಗೆ ಮೈನಸ್, ಗಂಡ ಹೆಂಡತಿಗೆ ಎರಡು ಗೆರೆ ಎಂದು ಕಲಿಸುತ್ತಾರೆ. ನಾನು ಹೇಳಿಕೊಡುವುದು ಡಾಕ್ಟರುಗಳು ಆನುವಂಶಿಕ ಕಾಯಿಲೆಗಳನ್ನು ಗುರುತಿಸಲು ಬಳಸುವ ವಂಶವೃಕ್ಷದ ಗುರುತುಗಳನ್ನು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಗಂಡೋ ಹೆಣ್ಣೋ ತಿಳಿಯದಿದ್ದರೆ ಡೈಮಂಡ್ ಆಕಾರ. ಗಂಡ ಹೆಂಡತಿಯ ನಡುವೆ ಒಂದು ಅಡ್ಡಗೆರೆ, ಅದರಿಂದ ಕೆಳಗಿಳಿಯುವ ಗೆರೆಗೆ ಮಕ್ಕಳು. ಇನ್ನೊಂದು ಗುರುತೂ ಇದೆ. ಗಂಡ ಹೆಂಡತಿ ಮೊದಲೇ ರಕ್ತಸಂಬಂಧಿಗಳಾಗಿದ್ದರೆ ಡಾಕ್ಟರುಗಳು ಒಂದರ ಬದಲು ಜೋಡಿಗೆರೆ ಎಳೆಯುತ್ತಾರೆ. ಈ ಜೋಡಿಗೆರೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಷ್ಟೇ ಗುರುತು ಸಾಕೇ ಎಂದರೆ, ಸಾಕು. ವಂಶಾವಳಿಯ ಸಾಫ್ಟ್‌ವೇರ್‌ಗಳು ಒಂದರಿಂದ ಇನ್ನೊಂದಕ್ಕೆ ಮಾಹಿತಿ ಕಳಿಸಲು ಬಳಸುವ `GEDCOM` ಎಂಬ ಫೈಲ್ ನಮೂನೆಯಲ್ಲಿ ಒಂದು ಕುಟುಂಬವನ್ನು ಹೀಗೆ ಬರೆಯುತ್ತಾರೆ:

```
0 @F1@ FAM
1 HUSB @I1@
1 WIFE @I2@
1 CHIL @I3@
```

ಗಂಡ, ಹೆಂಡತಿ, ಮಗು. ಪ್ರತಿ ವ್ಯಕ್ತಿಯ ದಾಖಲೆಯಲ್ಲಿ `SEX` ಎಂದು ಒಂದು ಸಾಲು. ಅಲ್ಲಿ `M` ಅಥವಾ `F` ಬರೆಯಬಹುದು, ತಿಳಿಯದಿದ್ದರೆ `U` ಎಂದೂ ಬರೆಯಬಹುದು. ಅಂಕಲ್, ಕಸಿನ್, ನಾದಿನಿ ಎಂಬುದಕ್ಕೆ ಅಲ್ಲಿ ಗುರುತೇ ಇಲ್ಲ, ಯಾಕೆಂದರೆ ಅವೆಲ್ಲ ಈ ಮೂರರಿಂದ ಹುಟ್ಟುವ ಸಂಬಂಧಗಳು. ರಕ್ತಸಂಬಂಧದ ಪ್ರಶ್ನೆಯಲ್ಲೂ ಇದೇ ಶಿಸ್ತು ಬೇಕು. ಯಾರು ಯಾರ ಮಗು, ಯಾರು ಯಾರ ಜೊತೆ ಮದುವೆಯಾಗಿದ್ದಾರೆ, ಗಂಡೋ ಹೆಣ್ಣೋ, ಇಷ್ಟನ್ನೇ ಚಿತ್ರದಲ್ಲಿ ಬರೆಯಬೇಕು. ಸಂಬಂಧದ ಹೆಸರನ್ನು ಕೊನೆಗೆ ಓದಿಕೊಳ್ಳಬೇಕು, ಮೊದಲೇ ಬರೆಯಬಾರದು.

ಈಗ ಒಂದು ಪ್ರಶ್ನೆ ತೆಗೆದುಕೊಳ್ಳೋಣ. ಫೋಟೋದಲ್ಲಿರುವ ಹೆಣ್ಣುಮಗಳೊಬ್ಬಳನ್ನು ತೋರಿಸಿ ಸುಮಾ ಹೇಳುತ್ತಾಳೆ: "ಇವಳ ತಾಯಿಯ ಒಬ್ಬನೇ ಸಹೋದರ ನನ್ನ ಗಂಡನ ತಂದೆ." ಹಾಗಾದರೆ ಫೋಟೋದಲ್ಲಿರುವವಳು ಸುಮಾಳ ಗಂಡನಿಗೆ ಏನಾಗಬೇಕು? ಆಯ್ಕೆಗಳು: ಸಿಸ್ಟರ್, ಕಸಿನ್, ಸಿಸ್ಟರ್-ಇನ್-ಲಾ, ನೀಸ್, ಹೇಳಲಾಗದು.

ನನ್ನ ಬಳಿ ಬರುವ ಹುಡುಗಿಯೊಬ್ಬಳು, ಹುಬ್ಬಳ್ಳಿ ಕಡೆಯವರ ಮಗಳು, ಓದಿದ್ದು ಡೊಂಬಿವಲಿಯಲ್ಲಿ, ಇದಕ್ಕೆ ಸಿಸ್ಟರ್-ಇನ್-ಲಾ ಎಂದು ಗುರುತು ಹಾಕಿದ್ದಳು. ಹೇಗೆ ಬಂತು ಎಂದು ಕೇಳಿದೆ.

"ಸುಲಭ ಐತಲ್ಲ ಅಂಕಲ್. ತಾಯಿಯ ತಮ್ಮ ಅಂದ್ರ ಮಾವ. ಗಂಡನ ಅಪ್ಪನೂ ಮಾವ. ಇವಳ ಮಾವ, ನನ್ನ ಮಾವ ಇಬ್ಬರೂ ಒಬ್ಬನೇ. ಅಂದಮ್ಯಾಲೆ ಇವರಿಬ್ಬರೂ ಅಕ್ಕತಂಗೇರು. ಹೆಂಡತಿಯ ತಂಗಿ ಸಿಸ್ಟರ್-ಇನ್-ಲಾ."

"ಅಕ್ಕತಂಗಿ ಅಂತ ಪ್ರಶ್ನೆಯೊಳಗ ಎಲ್ಲಿ ಐತಿ?" ಎಂದೆ.

ಅವಳು ಮತ್ತೊಮ್ಮೆ ಓದಿದಳು. "ಇಲ್ಲ. ಆದ್ರ ನಮ್ಮಮ್ಮ ಮಾಡಿಕೊಂಡಿದ್ದೂ ಸೋದರಮಾವನ ಮಗನ್ನೇ. ನಮ್ಮ ಚಿಕ್ಕಮ್ಮಗ ಅವರು ಮಾವ, ಅಮ್ಮಗೂ ಮಾವ."

ಅವಳ ಚಿತ್ರದಲ್ಲಿ ಇದ್ದ ತಪ್ಪು ಗೆರೆ ಅದೇ. ಸುಮಾಳನ್ನು ಫೋಟೋದವಳ ತಾಯಿಯ ಕೆಳಗೆ ಮಗಳಾಗಿ ಇಳಿಸಿದ್ದಳು. ಹಾಗೆ ಇಳಿಸಿದ ಕೂಡಲೇ ಸುಮಾ ಮತ್ತು ಅವಳ ಗಂಡ ಸೋದರತ್ತೆ ಸೋದರಮಾವನ ಮಕ್ಕಳಾದರು, ಅವರ ನಡುವೆ ಜೋಡಿಗೆರೆ ಬೇಕಾಯಿತು. ಆ ಜೋಡಿಗೆರೆಯನ್ನು ಪ್ರಶ್ನೆ ಕೊಟ್ಟಿರಲಿಲ್ಲ, ಮನೆ ಕೊಟ್ಟಿತ್ತು.

ಪ್ರಶ್ನೆ ಹೇಳಿದಷ್ಟನ್ನೇ ಬರೆದರೆ ಚಿತ್ರ ಹೀಗಿರುತ್ತದೆ. ಮೇಲೆ ಒಬ್ಬ ಅಣ್ಣ ಅಥವಾ ತಮ್ಮ, ಒಬ್ಬ ಅಕ್ಕ ಅಥವಾ ತಂಗಿ. ಅವನ ಕೆಳಗೆ ಒಬ್ಬ ಮಗ, ಅವನ ಪಕ್ಕದಲ್ಲಿ ಒಂಟಿ ಅಡ್ಡಗೆರೆಯ ಆಚೆ ಸುಮಾ. ಸುಮಾಳ ಮೇಲೆ ಏನೂ ಇಲ್ಲ. ಅವಳ ತವರಿನ ಬಗ್ಗೆ ಪ್ರಶ್ನೆ ಒಂದಕ್ಷರವನ್ನೂ ಹೇಳಿಲ್ಲ. ಅಕ್ಕ ಅಥವಾ ತಂಗಿಯ ಕೆಳಗೆ ಫೋಟೋದವಳು. ಈಗ ಓದಿದರೆ ಫೋಟೋದವಳು ಸುಮಾಳ ಗಂಡನಿಗೆ ಸೋದರತ್ತೆಯ ಮಗಳು. ಉತ್ತರ ಕಸಿನ್.

ಇದರಲ್ಲಿ ಗಮನಿಸಬೇಕಾದ್ದು ಇನ್ನೂ ಇದೆ. ಹುಡುಗಿಯ ಚಿತ್ರ ಪ್ರಶ್ನೆಗೆ ವಿರುದ್ಧವಾಗಿರಲಿಲ್ಲ. ಸುಮಾ ಮತ್ತು ಫೋಟೋದವಳು ಅಕ್ಕತಂಗಿಯರಾದರೂ ಸುಮಾ ಹೇಳಿದ ಮಾತು ನಿಜವೇ ಆಗಿರುತ್ತದೆ. ಹಾಗಾಗಿ ಚಿತ್ರ ಬರೆದ ಮೇಲೆ ಪ್ರಶ್ನೆಯ ಜೊತೆ ತಾಳೆ ನೋಡಿದರೂ ತಪ್ಪು ಕಾಣುವುದಿಲ್ಲ, ತಾಳೆಯಾಗುತ್ತದೆ. ಇಂಥ ತಪ್ಪು ಹಿಡಿಯುವುದು ಕಷ್ಟವಾಗುವುದು ಇದಕ್ಕೇ. ಆದರೆ ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೊದಲ ಚಿತ್ರದಲ್ಲಿ ಫೋಟೋದವಳು ಗಂಡನ ಕಸಿನ್. ಹುಡುಗಿಯ ಚಿತ್ರದಲ್ಲಿ ಅವಳು ಹೆಂಡತಿಯ ತಂಗಿಯೂ ಹೌದು, ಕಸಿನ್ ಕೂಡ ಹೌದು, ಯಾಕೆಂದರೆ ಅಲ್ಲಿಯೂ ಅವಳು ಸೋದರತ್ತೆಯ ಮಗಳೇ. ಎರಡರಲ್ಲೂ ಉಳಿಯುವ ಸಂಬಂಧ ಕಸಿನ್ ಒಂದೇ. ಪ್ರಶ್ನೆಗೆ ಹೊಂದುವ ಎಲ್ಲ ಚಿತ್ರಗಳಲ್ಲೂ ಉಳಿಯುವುದು ಯಾವುದೋ ಅದೇ ಸರಿಯುತ್ತರ. ಒಂದು ಚಿತ್ರದಲ್ಲಿ ಬಂದು ಇನ್ನೊಂದರಲ್ಲಿ ಮಾಯವಾಗುವುದು ಉತ್ತರವಲ್ಲ. ಎಲ್ಲದರಲ್ಲೂ ಉಳಿಯುವುದು ಯಾವುದೂ ಇಲ್ಲದಿದ್ದರೆ ಮಾತ್ರ "ಹೇಳಲಾಗದು" ಸರಿ.

ಮಾವ ಎಂಬ ಒಂದೇ ಪದ ಇಬ್ಬರಿಗೆ ಯಾಕೆ ಬಂತು? ತಾಯಿಯ ತಮ್ಮ, ಗಂಡನ ಅಥವಾ ಹೆಂಡತಿಯ ಅಪ್ಪ ಇಬ್ಬರೂ ಮಾವ. ಅಪ್ಪನ ತಂಗಿ, ಮಾವನ ಹೆಂಡತಿ, ಗಂಡನ ತಾಯಿ ಮೂವರೂ ಅತ್ತೆ. ಅಕ್ಕನ ಮಗ, ಮಗಳ ಗಂಡ ಇಬ್ಬರೂ ಅಳಿಯ. ಸೋದರಮಾವನ ಮಕ್ಕಳಿಗೂ ಸೋದರತ್ತೆಯ ಮಕ್ಕಳಿಗೂ ಮದುವೆ ನಡೆಯುತ್ತಿದ್ದ ಸಮಾಜದಲ್ಲಿ ಇದು ಸರಳ ಲೆಕ್ಕ. ಇವತ್ತಿನ ಸೋದರಮಾವನೇ ನಾಳೆಯ ಗಂಡನ ತಂದೆ. ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ 1871ರಲ್ಲಿ ಪ್ರಕಟಿಸಿದ ಬಂಧುತ್ವದ ದೊಡ್ಡ ಅಧ್ಯಯನದಲ್ಲಿ ದಕ್ಷಿಣ ಭಾರತದ ಭಾಷೆಗಳ ಸಂಬಂಧವಾಚಕಗಳ ಈ ಜೋಡಣೆಯನ್ನು ದಾಖಲಿಸಿದರು. ನಮ್ಮ ಪಕ್ಕದ ಪುಣೆಯ ಇರಾವತಿ ಕರ್ವೆ 1953ರ 'ಕಿನ್‌ಶಿಪ್ ಆರ್ಗನೈಸೇಷನ್ ಇನ್ ಇಂಡಿಯಾ' ಪುಸ್ತಕದಲ್ಲಿ ಉತ್ತರ ದಕ್ಷಿಣಗಳ ವ್ಯತ್ಯಾಸವನ್ನು ಬಿಡಿಸಿಟ್ಟರು. ಉತ್ತರದಲ್ಲಿ ಹೆಣ್ಣು ಮದುವೆಯಾಗಿ ಅಪರಿಚಿತರ ಮನೆಗೆ ಹೋಗುತ್ತಾಳೆ, ದಕ್ಷಿಣದಲ್ಲಿ ಮೊದಲೇ ಗೊತ್ತಿದ್ದವರ ಮನೆಗೆ ಹೋಗುವುದುಂಟು. ಮಹಾರಾಷ್ಟ್ರ ಎರಡರ ನಡುವೆ. ನಮ್ಮ ಮರಾಠಿ ನೆರೆಯವರಲ್ಲಿ ಹಳೆಯ ತಲೆಮಾರಿನ ಸೊಸೆಯಂದಿರು ಗಂಡನ ತಂದೆಯನ್ನು ಮಾಮಂಜಿ ಎಂದು ಕರೆಯುವುದನ್ನು ನೀವೂ ಕೇಳಿರಬಹುದು. ಅದರಲ್ಲಿರುವ ಮಾಮಾ ಕೂಡ ಇದೇ ಕಥೆ ಹೇಳುತ್ತಾನೆ.

ನಮ್ಮ ಕಡೆ ಇನ್ನೂ ಒಂದು ಹೆಜ್ಜೆ ಮುಂದೆ, ಅಕ್ಕನ ಮಗಳನ್ನೇ ಮದುವೆಯಾಗುವ ರೂಢಿಯೂ ಇತ್ತು. ಅಂಥ ಮನೆಯಲ್ಲಿ ಹೆಂಡತಿಯ ತಾಯಿಯ ತಾಯಿಯೇ ಗಂಡನ ತಾಯಿ, ಅಜ್ಜಿಯೇ ಅತ್ತೆ. ಪರೀಕ್ಷೆಗೆ ಓದುವವರು ತಲೆಮಾರಿಗೊಂದು ಸಾಲು ಹಾಕಿ, ಗಂಡ ಹೆಂಡತಿಯನ್ನು ಒಂದೇ ಸಾಲಿನಲ್ಲಿ ಕೂರಿಸುತ್ತಾರೆ. ಈ ಮನೆಯನ್ನು ಹಾಗೆ ಬರೆಯಲು ಹೋದರೆ ಹೆಂಡತಿ ಒಂದು ಸಾಲು ಕೆಳಗೆ ಬೀಳುತ್ತಾಳೆ, ಮದುವೆಯ ಗೆರೆ ಓರೆಯಾಗುತ್ತದೆ. ಪರೀಕ್ಷೆಯ ಪ್ರಶ್ನೆ ತಯಾರಿಸುವವರ ಮನಸ್ಸಿನಲ್ಲಿ ಇಂಥ ಮನೆ ಇರುವುದಿಲ್ಲ. ಅಲ್ಲಿ ಹೇಳದೇ ಇರುವ ನಿಯಮ ಒಂದಿದೆ: ಪ್ರಶ್ನೆ ಬಾಯಿಬಿಟ್ಟು ಹೇಳದ ಹೊರತು ಬಂಧುಗಳ ನಡುವೆ ಮದುವೆ ಇಲ್ಲ. ಆದ್ದರಿಂದ ನಿಮ್ಮ ಮನೆಯ ಮಕ್ಕಳಿಗೆ ಹೇಳಿಕೊಡುವಾಗ ಈ ಮಾತನ್ನು ಮೊದಲೇ ಹೇಳಿ. ಹಾಳೆಯ ಮೇಲೆ ಜೋಡಿಗೆರೆ ಬಂದರೆ ಕೂಡಲೇ ನಿಲ್ಲಿಸಿ, ಇದು ಪ್ರಶ್ನೆಯ ಯಾವ ಶಬ್ದದಿಂದ ಬಂತು ಎಂದು ಕೇಳಿಕೊಳ್ಳಬೇಕು.

ಮನೆಮಾತಿನಿಂದ ತೊಂದರೆ ಮಾತ್ರವಲ್ಲ, ಉಪಕಾರವೂ ಇದೆ. ಇಂಗ್ಲಿಷ್ ಪ್ರಶ್ನೆಗಳಲ್ಲಿ ಸಂಬಂಧದ ಸರಪಳಿ ಅನೇಕ ಸಲ ತಿರುಗುಮುರುಗಾಗಿರುತ್ತದೆ: 'ದಿ ಓನ್ಲಿ ಡಾಟರ್ ಆಫ್ ದಿ ಫಾದರ್ ಆಫ್ ಮೈ ಮದರ್'. ಇದನ್ನು ಓದಿದ ಕ್ರಮದಲ್ಲೇ ಬರೆಯಲು ಹೊರಟರೆ ಮೊದಲು ಮಗಳು, ಅವಳ ಮೇಲೆ ತಂದೆ, ಕೊನೆಗೆ "ನಾನು" ಎಲ್ಲಿ ಕೂರಬೇಕೆಂದು ತಿಳಿಯುವುದಿಲ್ಲ. ಕನ್ನಡದಲ್ಲಿ ಹೇಳಿ ನೋಡಿ: ನನ್ನ ತಾಯಿಯ ತಂದೆಯ ಒಬ್ಬಳೇ ಮಗಳು. ಮಾತು "ನನ್ನ" ಎಂಬಲ್ಲೇ ಶುರುವಾಗುತ್ತದೆ, ಚಿತ್ರವೂ ಅಲ್ಲೇ ಶುರುವಾಗಬೇಕು. ನಾನು, ಮೇಲೆ ತಾಯಿ, ಅವಳ ಮೇಲೆ ಅವಳ ತಂದೆ, ಅವನ ಕೆಳಗೆ ಒಬ್ಬಳೇ ಮಗಳು. ಒಬ್ಬಳೇ ಆದದ್ದರಿಂದ ಅವಳು ನನ್ನ ತಾಯಿಯೇ. "ಒಬ್ಬಳೇ" ಎಂಬುದನ್ನು ನುಂಗಿ ಓದಿದರೆ ಅಲ್ಲಿ ಚಿಕ್ಕಮ್ಮನೋ ದೊಡ್ಡಮ್ಮನೋ ಹುಟ್ಟಿಕೊಳ್ಳುತ್ತಾಳೆ. ಆದ್ದರಿಂದ ನಾನು ಹೇಳುವುದು ಇಷ್ಟು: ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿಕೊಳ್ಳಿ, ಆದರೆ ತಂದೆ, ತಾಯಿ, ಮಗ, ಮಗಳು, ಗಂಡ, ಹೆಂಡತಿ ಎಂಬ ಪದಗಳಲ್ಲಿ ಮಾತ್ರ. ಅಂಕಲ್ ಎಂದಿದ್ದರೆ ಅದನ್ನು ಮಾವ ಎಂದೋ ಚಿಕ್ಕಪ್ಪ ಎಂದೋ ತಿರುಗಿಸಬೇಡಿ. ಅಂಕಲ್ ಅಪ್ಪನ ಕಡೆಯವನೂ ಆಗಿರಬಹುದು, ಅಮ್ಮನ ಕಡೆಯವನೂ ಆಗಿರಬಹುದು. ಮುಂದಿನ ಸಾಲು ಅದನ್ನು ಗೊತ್ತುಮಾಡುವ ತನಕ ಗೆರೆಯನ್ನು ಚುಕ್ಕೆ ಚುಕ್ಕೆಯಾಗಿ ಇಡಿ.

ಈ ಕ್ರಮದ ಬಲ ತಿಳಿಯಲು ಒಂದು ಹಳೆಯ ಒಗಟು ಸಾಕು. ಅಣ್ಣತಮ್ಮ ಅಕ್ಕತಂಗಿ ಯಾರೂ ಇಲ್ಲದ ಒಬ್ಬ ಗಂಡಸು ಒಂದು ಚಿತ್ರ ನೋಡುತ್ತಾ, ಈ ಚಿತ್ರದಲ್ಲಿರುವವನ ತಂದೆ ನನ್ನ ತಂದೆಯ ಮಗ ಎನ್ನುತ್ತಾನೆ. ಚಿತ್ರ ಯಾರದ್ದು? ತರ್ಕಶಾಸ್ತ್ರಜ್ಞ ರೇಮಂಡ್ ಸ್ಮಲ್ಯನ್ ತನ್ನ 1978ರ ಒಗಟಿನ ಪುಸ್ತಕದಲ್ಲಿ ಇದನ್ನು ಚರ್ಚಿಸುತ್ತಾ, ಬಹಳ ಜನ "ಅವನದೇ ಚಿತ್ರ" ಎಂದು ಪಟ್ಟು ಹಿಡಿಯುತ್ತಾರೆ ಎನ್ನುತ್ತಾನೆ. "ನನ್ನ" ಎಂಬಲ್ಲಿಂದ ಶುರುಮಾಡಿ. ನನ್ನ ತಂದೆ, ಆ ತಂದೆಯ ಮಗ. ಬೇರೆ ಮಕ್ಕಳಿಲ್ಲ, ಆದ್ದರಿಂದ ಆ ಮಗ ನಾನೇ. ಈಗ ಆ ಮೂರು ಶಬ್ದಗಳ ಜಾಗದಲ್ಲಿ "ನಾನು" ಎಂದು ಇಟ್ಟು ವಾಕ್ಯ ಓದಿ: ಚಿತ್ರದಲ್ಲಿರುವವನ ತಂದೆ ನಾನು. ಚಿತ್ರ ಅವನ ಮಗನದು. "ಅವನದೇ" ಎನ್ನುವವರು "ನನ್ನ ತಂದೆಯ ಮಗ ನಾನೇ" ಎಂಬಲ್ಲಿಗೆ ಬಂದು ನಿಂತುಬಿಟ್ಟಿರುತ್ತಾರೆ. ವಾಕ್ಯದ ಮೊದಲರ್ಧದ "ತಂದೆ" ಎಂಬ ಒಂದು ಮೆಟ್ಟಿಲು ಚಿತ್ರದಲ್ಲಿ ಇಳಿದಿರುವುದಿಲ್ಲ.

ಇನ್ನೊಂದು ಹೇಳದ ಗೆರೆ ಗಂಡು ಹೆಣ್ಣಿನದು. ಸಂಕೇತದ ಪ್ರಶ್ನೆಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. `A + B` ಎಂದರೆ ಎ ಎಂಬವನು ಬಿಗೆ ತಂದೆ, `A × B` ಎಂದರೆ ಎ ಎಂಬವನು ಬಿಗೆ ಸಹೋದರ, `A - B` ಎಂದರೆ ಎ ಎಂಬವಳು ಬಿಗೆ ಸಹೋದರಿ ಎಂದು ಕೊಟ್ಟಿದ್ದಾರೆ ಎನ್ನೋಣ. `P + Q × R - S` ಆದರೆ ಎಸ್, ಪಿಗೆ ಏನಾಗಬೇಕು? ಆಯ್ಕೆಗಳಲ್ಲಿ ಮಗ, ಮಗಳು, ಹೇಳಲಾಗದು ಎಂದಿದೆ. ಪಿ ತಂದೆ, ಆದ್ದರಿಂದ ಚೌಕ. ಕ್ಯೂ ಸಹೋದರ, ಚೌಕ. ಆರ್ ಸಹೋದರಿ, ವೃತ್ತ. ಎಸ್? ಬಹಳ ಮಕ್ಕಳು ಇಲ್ಲಿ ಚೌಕ ಹಾಕಿ "ಮಗ" ಎಂದು ಬರೆಯುತ್ತಾರೆ. ಯಾಕೆ ಎಂದು ಕೇಳಿದರೆ, "ತಂಗಿ ಇದ್ದಾಳೆ ಅಂದ ಮೇಲೆ ಅಣ್ಣ ಅಲ್ಲವಾ?" ಎನ್ನುತ್ತಾರೆ. ತಂಗಿಗೆ ಅಕ್ಕನೂ ಇರಬಹುದು. ಎಸ್‌ಗೆ ಡೈಮಂಡ್ ಹಾಕಬೇಕು, ಉತ್ತರ "ಹೇಳಲಾಗದು".

ಇದಕ್ಕೊಂದು ಖಚಿತ ಕಾರಣವಿದೆ. ತಂದೆ, ಸಹೋದರಿ ಮುಂತಾದ ಸಂಕೇತಗಳು ಗಂಡೋ ಹೆಣ್ಣೋ ಎಂದು ಹೇಳುವುದು ತಮ್ಮ ಎಡಗಡೆಯವರ ಬಗ್ಗೆ ಮಾತ್ರ. ಸರಪಳಿಯ ಕೊನೆಯಲ್ಲಿರುವವರು ಯಾವ ಸಂಕೇತದ ಎಡಕ್ಕೂ ಬರುವುದಿಲ್ಲ. ಗಂಡ ಅಥವಾ ಹೆಂಡತಿ ಎಂಬ ಸಂಕೇತ ಕೊನೆಗೆ ಬಂದರೆ ಮಾತ್ರ ಬಲಗಡೆಯವರದೂ ಪರೀಕ್ಷೆಯ ರೂಢಿಯಂತೆ ಗೊತ್ತಾಗುತ್ತದೆ. ಇಲ್ಲದಿದ್ದರೆ ಕೊನೆಯವರು ಯಾವಾಗಲೂ ಡೈಮಂಡ್. ಹಾಗಾಗಿ ಪ್ರಶ್ನೆ ಕೊನೆಯವರ ಬಗ್ಗೆ ಇದ್ದು, ಆಯ್ಕೆಗಳಲ್ಲಿ ಮಗ ಮಗಳು ಎಂದು ಎರಡೂ ಇದ್ದರೆ, ಚಿತ್ರ ಬರೆಯುವ ಮೊದಲೇ ಎಚ್ಚರವಾಗಬಹುದು.

ಕನ್ನಡದಲ್ಲಿ ಯೋಚಿಸುವವರಿಗೆ ಇಲ್ಲಿ ಒಂದು ಹೆಚ್ಚುವರಿ ಎಡರಿದೆ. ಎಸ್ ಬಗ್ಗೆ ಮಾತಾಡಬೇಕಾದರೆ ನಮ್ಮ ಬಾಯಿಗೆ ಅವನು ಅಥವಾ ಅವಳು ಬೇಕು. ಇಂಗ್ಲಿಷಿನಲ್ಲಿ 'ಎಸ್ ಈಸ್ ದಿ ಚೈಲ್ಡ್ ಆಫ್ ಪಿ' ಎಂದು ಗುಟ್ಟು ಬಿಡದೆ ಹೇಳಬಹುದು; ಕನ್ನಡದಲ್ಲಿ ಮನಸ್ಸಿನೊಳಗೆ "ಎಸ್ ಎಂಬವನು" ಎಂದುಕೊಂಡ ಕ್ಷಣವೇ ಅವನು ಗಂಡಾದ. 2021ರಲ್ಲಿ ಹಣಕಾಸು ಸಚಿವಾಲಯ ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಪರೀಕ್ಷೆಯನ್ನು ಇಂಗ್ಲಿಷ್ ಹಿಂದಿಯ ಜೊತೆಗೆ 13 ಪ್ರಾದೇಶಿಕ ಭಾಷೆಗಳಲ್ಲೂ ನಡೆಸುವಂತೆ ಶಿಫಾರಸು ಮಾಡಿತು, ಅದರಲ್ಲಿ ಕನ್ನಡವೂ ಸೇರಿದೆ. ಯಾವ ಭಾಷೆಯಲ್ಲಿ ಬರೆದರೂ, ತಿಳಿಯದವರ ಬಗ್ಗೆ ಯೋಚಿಸುವಾಗ "ಎಸ್ ಎಂಬವರು" ಎಂದು ಬಹುವಚನ ಹಚ್ಚಿಕೊಳ್ಳಿ ಎಂದು ನಾನು ಮಕ್ಕಳಿಗೆ ಹೇಳುತ್ತೇನೆ. ಮರ್ಯಾದೆಯೂ ಆಯಿತು, ಡೈಮಂಡೂ ಉಳಿಯಿತು.

ಇಷ್ಟೆಲ್ಲ 34 ಸೆಕೆಂಡಿನಲ್ಲಿ ಆಗುವ ಮಾತೇ ಎಂದು ನೀವು ಕೇಳಬಹುದು. ಚಿತ್ರ ಬರೆಯಲು ಬೇಕಾದಷ್ಟು ಹೊತ್ತು ಬೇಕೇ ಬೇಕು, ಆದರೆ ಪರಿಶೀಲನೆಗೆ ಹತ್ತು ಸೆಕೆಂಡು ಸಾಕು. ಉತ್ತರಕ್ಕೆ ಗುರುತು ಹಾಕುವ ಮುನ್ನ, ಕೇಳಿದ ಇಬ್ಬರನ್ನು ಸೇರಿಸುವ ದಾರಿಯ ಮೇಲೆ ಮಾತ್ರ ಬೆರಳಿಟ್ಟು ಹೋಗಬೇಕು. ದಾರಿಯಲ್ಲಿ ಸಿಗುವ ಪ್ರತಿ ಗೆರೆಗೂ, ಪ್ರತಿ ಚೌಕ ವೃತ್ತಕ್ಕೂ ಪ್ರಶ್ನೆಯಲ್ಲಿ ಒಂದು ಶಬ್ದ ಸಿಗಬೇಕು. ಸುಮಾಳ ಪ್ರಶ್ನೆಯಲ್ಲಿ ಆ ದಾರಿ ಫೋಟೋದವಳಿಂದ ಅವಳ ತಾಯಿಗೆ, ತಾಯಿಯಿಂದ ಸಹೋದರನಿಗೆ, ಸಹೋದರನಿಂದ ಮಗನಿಗೆ. ಮೂರು ಹೆಜ್ಜೆ, ಮೂರಕ್ಕೂ ಶಬ್ದ ಇದೆ. ಸಿಸ್ಟರ್-ಇನ್-ಲಾ ಎಂಬ ಉತ್ತರದ ದಾರಿ ಬೇರೆ: ಫೋಟೋದವಳಿಂದ ತಾಯಿಗೆ, ತಾಯಿಯಿಂದ ಸುಮಾಳಿಗೆ, ಸುಮಾಳಿಂದ ಗಂಡನಿಗೆ. ಎರಡನೆಯ ಹೆಜ್ಜೆಗೆ ಬೆರಳು ಬಂದಾಗ ಪ್ರಶ್ನೆಯಲ್ಲಿ ಅದಕ್ಕೆ ಶಬ್ದವಿಲ್ಲ. ಗೆರೆ ಅಳಿಸಬೇಕಾದ್ದು ಅಲ್ಲೇ.